ಹರಿಬರಹದ ನಡವಳಿಯಿಂದ ಠರಾವಿನ ಪಟ್ಟಿ

ಮನೆಮಾಲೀಕರ ಸಂಘದ ಸಭೆ ನಡೆಯುತ್ತಿರುವಾಗಲೇ ಕಾರ್ಯದರ್ಶಿ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿಕೊಂಡ ನಡವಳಿ ಸಾಮಾನ್ಯವಾಗಿ ಒಂದೇ ಉಸಿರಿನ ಬರಹವಾಗಿರುತ್ತದೆ. ಪ್ಯಾರಾ ಇಲ್ಲ, ಪೂರ್ಣವಿರಾಮ ಅಪರೂಪ, ಚರ್ಚೆ ಎಲ್ಲಿ ಮುಗಿಯಿತು, ತೀರ್ಮಾನ ಎಲ್ಲಿ ಶುರುವಾಯಿತು ಎಂಬ ಗುರುತಿಲ್ಲ. ಖಜಾಂಚಿ ಬದಲಾಗಿದ್ದಾರೆ, ಠರಾವಿನ ದೃಢೀಕೃತ ನಕಲು ಕೊಡಿ ಎಂದು ಬ್ಯಾಂಕು ಕೇಳಿದಾಗ ಇಂಥ ಬರಹದಿಂದ ಆ ಒಂದು ಸಂಗತಿಯನ್ನು ಮಾತ್ರ ಬಿಡಿಸಿ ಕೊಡಲು ಆಗುವುದಿಲ್ಲ. ಅದಕ್ಕಾಗಿಯೇ ನಡವಳಿಯನ್ನು ಸಂಖ್ಯೆ, ಠರಾವು, ಸೂಚಕರು, ಅನುಮೋದಕರು ಎಂಬ ಅಂಕಣಗಳಿಗೆ ತರುವುದು ರೂಢಿ.

ಕೆಲಸಕ್ಕೆ ಮೊದಲು ಮೂಲ ಫೈಲಿನ ಒಂದು ಪ್ರತಿಯನ್ನು ಮುಟ್ಟದೆ ಎತ್ತಿಡಬೇಕು. ಬರಹ ಹಳೆಯ ನುಡಿ ಫಾಂಟಿನಲ್ಲಿದ್ದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಹಳೆಯ ಫಾಂಟಿನಲ್ಲಿ ಪರದೆಯ ಮೇಲೆ ಕನ್ನಡ ಕಂಡರೂ ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಹಾಗಾಗಿ ಯೂನಿಕೋಡ್ ಕೀಲಿಮಣೆಯಲ್ಲಿ ಹುಡುಕಿದರೆ ಒಂದು ಪದವೂ ಸಿಗದು. ಪರಿವರ್ತನೆಯಾದ ಮೇಲೆ ಒತ್ತಕ್ಷರ, ಅರ್ಕಾವತ್ತು ಮತ್ತು ಅಂಕಿಗಳನ್ನು ಕಣ್ಣಿನಿಂದಲೇ ನೋಡಿ ಸರಿಪಡಿಸಬೇಕು.

ಮುಂದಿನದು ಬರಹವನ್ನು ತುಂಡರಿಸುವ ಕೆಲಸ. ಕನ್ನಡದ ನಡವಳಿಯಲ್ಲಿ ತೀರ್ಮಾನವೆಲ್ಲ ಬಹುಮಟ್ಟಿಗೆ ‘ಒಪ್ಪಲಾಯಿತು’, ‘ತೀರ್ಮಾನಿಸಲಾಯಿತು’, ‘ಮುಂದೂಡಲಾಯಿತು’ ಎಂಬಂಥ ಕ್ರಿಯಾಪದದಲ್ಲಿ ಮುಗಿಯುತ್ತದೆ. ವರ್ಡ್‌ನಲ್ಲಿ `Ctrl+F` ಒತ್ತಿ ‘ಲಾಯಿತು’ ಎಂದಷ್ಟೇ ಹುಡುಕಿದರೆ ಹೆಚ್ಚಿನ ತೀರ್ಮಾನಗಳು ಸಾಲಾಗಿ ಕಾಣುತ್ತವೆ. ಪ್ರತಿಯೊಂದರ ನಂತರ ಎಂಟರ್ ಒತ್ತಿ ಪ್ಯಾರಾ ಮುರಿಯಬಹುದು. ‘ಎಲ್ಲರೂ ಒಪ್ಪಿದರು’, ‘ಆಗಲಿ ಎಂದರು’ ಎಂಬ ರೀತಿಯವು ಈ ಬಲೆಗೆ ಬೀಳುವುದಿಲ್ಲ. ಅವುಗಳಿಗಾಗಿ ಇಡೀ ಬರಹವನ್ನು ಒಮ್ಮೆ ಓದಲೇಬೇಕು.

ಉದಾಹರಣೆಗೆ ಒಂದು ಸಭೆಯ ಬರಹ ಹೀಗಿದೆ ಎಂದುಕೊಳ್ಳಬಹುದು. ಹೆಸರುಗಳ ಜಾಗದಲ್ಲಿ ಇಲ್ಲಿ ಮನೆಯ ನಂಬರು ಇದೆ.

“ಹಿಂದಿನ ಸಭೆಯ ನಡವಳಿ ಓದಿ ಒಪ್ಪಲಾಯಿತು ನೀರಿನ ಮೋಟಾರ್ ಪದೇ ಪದೇ ಸುಡುತ್ತಿದೆ ಎಂದು 12ನೇ ಮನೆಯವರು ಹೇಳಿದರು ರಿಪೇರಿ ಮಾಡಿಸಿ ನೋಡೋಣ ಎಂದು 5ನೇ ಮನೆಯವರು ಹೇಳಿದರು ಹೊಸದೇ ತರಬೇಕು ಎಂದು 12ನೇ ಮನೆಯವರು ಸೂಚಿಸಿದರು 20ನೇ ಮನೆಯವರು ಅನುಮೋದಿಸಿದರು ಮೂರು ಕೊಟೇಷನ್ ತರಿಸಿ 1,18,000 ಮೀರಬಾರದು ಎಂದು 8ನೇ ಮನೆಯವರು ಹೇಳಿದ ಮೇಲೆ ಎಲ್ಲರೂ ಒಪ್ಪಿದರು ಮೇಂಟೆನೆನ್ಸ್ 300 ರೂ ಹೆಚ್ಚಿಸುವ ಬಗ್ಗೆ ಚರ್ಚೆಯಾಗಿ ಮುಂದಿನ ಸಭೆಗೆ ಮುಂದೂಡಲಾಯಿತು ಬ್ಯಾಂಕ್ ಖಾತೆಗೆ ಹೊಸ ಖಜಾಂಚಿಯ ಸಹಿ ಸೇರಿಸಲು 3ನೇ ಮನೆಯವರು ಸೂಚಿಸಿದರು ಒಪ್ಪಲಾಯಿತು”

ಇದರಲ್ಲಿ ನಾಲ್ಕು ಠರಾವುಗಳಿವೆ. ಅತಿ ಹೆಚ್ಚು ತಪ್ಪಾಗುವುದು ಮೋಟಾರಿನ ವಿಷಯದಲ್ಲಿ. ಮೊದಲು ಬಾಯಿಬಿಟ್ಟವರೆಲ್ಲ ಸೂಚಕರಲ್ಲ. ಮೋಟಾರ್ ಸುಡುತ್ತಿದೆ ಎಂಬುದು ದೂರು, ರಿಪೇರಿ ಮಾಡಿಸಿ ನೋಡೋಣ ಎಂಬುದು ಚರ್ಚೆಯ ಮಾತು. ಸಭೆ ಕೊನೆಗೆ ಒಪ್ಪಿದ ಸಂಗತಿಯನ್ನು ಮುಂದಿಟ್ಟವರು ಸೂಚಕರು. ಇಲ್ಲಿ ದೂರು ಕೊಟ್ಟವರೂ ಸೂಚಿಸಿದವರೂ 12ನೇ ಮನೆಯವರೇ ಆಗಿರುವುದು ಕಾಕತಾಳೀಯ. ಅನುಮೋದಕರು 20ನೇ ಮನೆಯವರು. 8ನೇ ಮನೆಯವರ ಮಾತು ಒಂದು ತಿದ್ದುಪಡಿ. ಆ ಷರತ್ತು ಠರಾವಿನ ವಾಕ್ಯದೊಳಗೆ ಬರಬೇಕೇ ಹೊರತು, ಕೊನೆಯಲ್ಲಿ ಮಾತಾಡಿದರೆಂಬ ಕಾರಣಕ್ಕೆ ಅವರ ಹೆಸರು ಅನುಮೋದಕರ ಅಂಕಣಕ್ಕೆ ಹೋಗಬಾರದು. ಇಷ್ಟನ್ನೂ ಜೋಡಿಸಿದಾಗ ಠರಾವು ಹೀಗಾಗುತ್ತದೆ: ‘ಹೊಸ ನೀರಿನ ಮೋಟಾರನ್ನು, ಮೂರು ಕೊಟೇಷನ್ ಪಡೆದು, 1,18,000 ರೂಪಾಯಿ ಮೀರದಂತೆ ಖರೀದಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.’ ಈ ಮೊತ್ತದಲ್ಲಿ ಜಿಎಸ್‌ಟಿ ಸೇರಿದೆಯೇ ಎಂಬುದು ಮೂಲದಲ್ಲಿಲ್ಲ. ಆದ್ದರಿಂದ ‘ತೆರಿಗೆ ಸೇರಿ’ ಎಂದು ಸೇರಿಸುವ ಹಕ್ಕು ಟೈಪ್ ಮಾಡುವವರಿಗೆ ಇಲ್ಲ.

‘ಸರ್ವಾನುಮತದಿಂದ’ ಎಂಬ ಪದಕ್ಕೂ ಇದೇ ಎಚ್ಚರ ಬೇಕು. ಎಲ್ಲರೂ ಒಪ್ಪಿದರು ಎಂದು ಬರೆದಿರುವುದರಿಂದ ಮೋಟಾರಿನ ಠರಾವಿನಲ್ಲಿ ಅದು ನ್ಯಾಯ. ಬ್ಯಾಂಕಿನ ವಿಷಯದಲ್ಲಿ ಇರುವುದು ಬರೀ ‘ಒಪ್ಪಲಾಯಿತು’. ಒಬ್ಬರು ವಿರೋಧಿಸಿದ್ದರೂ ಬಹುಮತದಿಂದ ಒಪ್ಪಿರಬಹುದು. ನಡವಳಿ ಚೆನ್ನಾಗಿ ಕಾಣಲೆಂದು ಎಲ್ಲ ಸಾಲಿಗೂ ಒಂದೇ ಪದ ಅಂಟಿಸುವುದು ಬಲು ಕೆಟ್ಟ ಅಭ್ಯಾಸ. ಮುಂದೊಂದು ದಿನ ತಕರಾರು ಬಂದಾಗ ವಿರೋಧಿಸಿದ ಸದಸ್ಯರ ನಿಲುವು ದಾಖಲೆಯಿಂದಲೇ ಅಳಿಸಿಹೋಗಿರುತ್ತದೆ.

ಮೇಂಟೆನೆನ್ಸ್ ಹೆಚ್ಚಳ ತೀರ್ಮಾನವಾಗಲಿಲ್ಲ, ಆದರೂ ಮುಂದೂಡಿದ್ದು ಸಭೆಯ ನಿರ್ಧಾರವೇ. ಮುಂದಿನ ಕಾರ್ಯಸೂಚಿಯಲ್ಲಿ ಉಲ್ಲೇಖಿಸಲು ಬೇಕಾಗುವುದರಿಂದ ಅದಕ್ಕೂ ಸಂಖ್ಯೆ ಕೊಡುವುದು ಒಳ್ಳೆಯದು.

ಖಾಲಿ ಅಂಕಣಗಳನ್ನು ಏನು ಮಾಡಬೇಕು ಎಂಬುದು ಕಠಿಣ ಪ್ರಶ್ನೆ. ಸಹಿ ಸೇರಿಸುವ ಠರಾವಿಗೆ ಅನುಮೋದಕರ ಹೆಸರಿಲ್ಲ. ನಡವಳಿಗೆ ಇನ್ನೂ ಅಧ್ಯಕ್ಷರ ಸಹಿ ಬಿದ್ದಿಲ್ಲವಾದರೆ ಕಾರ್ಯದರ್ಶಿಯ ಕೈಬರಹದ ಟಿಪ್ಪಣಿ ನೋಡಿ, ಸಭೆಯಲ್ಲಿದ್ದವರನ್ನು ಕೇಳಿ ತುಂಬಬಹುದು. ಅದರಿಂದಲೂ ಖಚಿತವಾಗದಿದ್ದರೆ ‘ನಮೂದಾಗಿಲ್ಲ’ ಎಂದೇ ಬರೆಯಬೇಕು. ಹಾಜರಿ ಪಟ್ಟಿಯಿಂದ ಯಾರದೋ ಹೆಸರು ಎತ್ತಿ ಹಾಕಿದರೆ ಅದು ಸುಳ್ಳು ದಾಖಲೆ. ಅನುಮೋದಕರು ಕಡ್ಡಾಯವೇ ಎಂಬುದನ್ನು ಆಯಾ ಸಂಘದ ಬೈಲಾ ನೋಡಿಯೇ ಹೇಳಬೇಕು. ಎಲ್ಲ ಕಡೆಯೂ ಈ ರೂಢಿ ಒಂದೇ ಅಲ್ಲ: 1876ರಲ್ಲಿ ಮೊದಲು ಪ್ರಕಟವಾಗಿ, ಅಮೆರಿಕದ ಸಂಘಸಂಸ್ಥೆಗಳು ಇಂದಿಗೂ ಅನುಸರಿಸುವ ಹೆನ್ರಿ ರಾಬರ್ಟ್ ಅವರ ಸಭಾನಿಯಮಗಳ ಗ್ರಂಥದ ಈಗಿನ ಆವೃತ್ತಿಗಳ ಪ್ರಕಾರ, ಸಭೆ ಹಾಗೆಂದು ಆದೇಶಿಸದ ಹೊರತು ಅನುಮೋದಕರ ಹೆಸರನ್ನು ನಡವಳಿಯಲ್ಲಿ ಬರೆಯುವಂತಿಲ್ಲ.

ವರ್ಡ್‌ನಲ್ಲಿ ಪಟ್ಟಿ ಮಾಡುವುದು ಸುಲಭ. ಪ್ರತಿ ಠರಾವೂ ಒಂದು ಪ್ಯಾರಾ ಆಗಿ, ಅಂಕಣಗಳ ನಡುವೆ ಒಂದೊಂದು ಟ್ಯಾಬ್ ಇರಬೇಕು. ಎಲ್ಲವನ್ನೂ ಆಯ್ದು `Insert > Table > Convert Text to Table` ಒತ್ತಿ, ವಿಭಜಕವಾಗಿ `Tabs` ಆರಿಸಬೇಕು. ಅಲ್ಪವಿರಾಮ ಆರಿಸಿದರೆ 1,18,000 ಎಂಬ ಮೊತ್ತವೇ ಮೂರು ಅಂಕಣಗಳಿಗೆ ಚೂರಾಗುತ್ತದೆ. ಪಟ್ಟಿ ಹೀಗೆ ಬರುತ್ತದೆ:

| ಸಂಖ್ಯೆ | ಠರಾವು | ಸೂಚಕರು | ಅನುಮೋದಕರು |
|---|---|---|---|
| 1 | ಹಿಂದಿನ ಸಭೆಯ ನಡವಳಿಗೆ ಒಪ್ಪಿಗೆ | ನಮೂದಾಗಿಲ್ಲ | ನಮೂದಾಗಿಲ್ಲ |
| 2 | ಹೊಸ ಮೋಟಾರ್ ಖರೀದಿ (ಪೂರ್ಣ ವಾಕ್ಯ) | ಮನೆ 12 | ಮನೆ 20 |
| 3 | ಮೇಂಟೆನೆನ್ಸ್ ಹೆಚ್ಚಳದ ವಿಷಯ ಮುಂದಿನ ಸಭೆಗೆ | ನಮೂದಾಗಿಲ್ಲ | ನಮೂದಾಗಿಲ್ಲ |
| 4 | ಬ್ಯಾಂಕ್ ಖಾತೆಗೆ ಖಜಾಂಚಿಯ ಸಹಿ | ಮನೆ 3 | ನಮೂದಾಗಿಲ್ಲ |

ಸಂಖ್ಯೆಯನ್ನು ವರ್ಡ್‌ನ ಸ್ವಯಂಚಾಲಿತ ಎಣಿಕೆಗೆ ಬಿಡದೆ ಕೈಯಿಂದಲೇ ಟೈಪ್ ಮಾಡುವುದು ಕ್ಷೇಮ. ನಡುವೆ ಒಂದು ಸಾಲು ಸೇರಿಸಿದರೆ ಸ್ವಯಂಚಾಲಿತ ಎಣಿಕೆಯಲ್ಲಿ 4 ಇದ್ದದ್ದು 5 ಆಗುತ್ತದೆ, ಬ್ಯಾಂಕಿಗೆ ಆಗಲೇ ಕೊಟ್ಟ ನಕಲಿನಲ್ಲಿ ಮಾತ್ರ 4 ಎಂದೇ ಉಳಿಯುತ್ತದೆ. ಪಟ್ಟಿ ಎರಡನೇ ಪುಟಕ್ಕೆ ಹರಿದರೆ `Repeat Header Rows` ಆರಿಸಿದಾಗ ಅಂಕಣಗಳ ತಲೆಬರಹ ಅಲ್ಲಿಯೂ ಬರುತ್ತದೆ.

ಕೊನೆಯ ತಾಳೆಯನ್ನು ಪಟ್ಟಿಯಿಂದ ಮೂಲಕ್ಕೆ ನೋಡಬೇಕು. ಪಟ್ಟಿಗೆ ಸೇರಿದ ಪ್ರತಿ ಮಾತನ್ನೂ ಮೂಲದ ಪ್ರತಿಯಲ್ಲಿ ಹೊಡೆದುಹಾಕುತ್ತ ಹೋದರೆ ಉಳಿಯುವುದು ಚರ್ಚೆ ಮಾತ್ರ. ಅಲ್ಲಿ ಒಂದು ಮೊತ್ತವೋ ದಿನಾಂಕವೋ ಉಳಿದಿದ್ದರೆ ಯಾವುದೋ ಠರಾವು ಅರ್ಧಕ್ಕೆ ನಿಂತಿದೆ ಎಂದರ್ಥ. ಸಹಿಯಾದ ನಡವಳಿಯನ್ನು ಈ ರೀತಿ ಮರುಜೋಡಿಸಿದಾಗ ಪಟ್ಟಿ ಕೇವಲ ಓದಲು ಅನುಕೂಲದ ಪ್ರತಿ. ಅಧಿಕೃತ ದಾಖಲೆ ಸಹಿ ಇರುವ ಮೂಲವೇ. ಅದರಲ್ಲಿ ತಪ್ಪು ಕಂಡುಬಂದರೆ ತಿದ್ದುಪಡಿಯನ್ನು ಮುಂದಿನ ಸಭೆಯ ಮುಂದಿಟ್ಟು, ಅಲ್ಲಿ ಹೊಸ ಠರಾವಾಗಿಯೇ ದಾಖಲಿಸಬೇಕು.