ಅಗ್ಗಕ್ಕೆ ಸಿಕ್ಕಿದ ಶೇರು ನಿಜಕ್ಕೂ ಅಗ್ಗವೇ?

ಬಾಗಿಲು ಹಾಕುತ್ತಿರುವ ಒಂದು ಬಟ್ಟೆ ಅಂಗಡಿಯನ್ನು ನೀವು ಖರೀದಿಸಲು ಹೊರಟಿದ್ದೀರಿ ಅಂತ ಇಟ್ಟುಕೊಳ್ಳಿ. ಲೆಕ್ಕದ ಪುಸ್ತಕದಲ್ಲಿ ನಗದು 1 ಲಕ್ಷ, ಬರಬೇಕಾದ ಉದ್ರಿ 3 ಲಕ್ಷ, ಸ್ಟಾಕ್ 6 ಲಕ್ಷ, ಕೊಡಬೇಕಾದ ಸಾಲ 4 ಲಕ್ಷ. ಪುಸ್ತಕದ ಪ್ರಕಾರ ಅಂಗಡಿಯ ಬೆಲೆ 6 ಲಕ್ಷ ರೂಪಾಯಿ.

ಆದರೆ ವ್ಯಾಪಾರ ಗೊತ್ತಿದ್ದವರು ಅಷ್ಟು ಕೊಡುವುದಿಲ್ಲ. ಉದ್ರಿ ಪೂರ್ತಿ ವಸೂಲಾಗುವುದಿಲ್ಲ, ಹಳೇ ಸ್ಟಾಕ್ ಅಸಲಿಗೆ ಹೋಗುವುದಿಲ್ಲ. ಅಮೆರಿಕದ ಬೆಂಜಮಿನ್ ಗ್ರಹಾಂ 1934ರಲ್ಲಿ ಶೇರುಗಳಿಗೂ ಇದೇ ಲೆಕ್ಕ ಹಾಕಿದರು. ನಗದಿಗೆ ಪೂರ್ತಿ ಬೆಲೆ, ಉದ್ರಿಗೆ ಸುಮಾರು ಶೇ. 80, ಸ್ಟಾಕಿಗೆ ಮೂರರಲ್ಲಿ ಎರಡು ಪಾಲು. ಹಾಗೆ ನೋಡಿದರೆ ನಮ್ಮ ಅಂಗಡಿಯಲ್ಲಿರುವುದು 7.4 ಲಕ್ಷ. ಸಾಲ ಮಾತ್ರ ಒಂದು ರೂಪಾಯಿಯೂ ಕಮ್ಮಿ ಆಗುವುದಿಲ್ಲ. ಅದನ್ನು ಕಳೆದರೆ ಉಳಿಯುವುದು 3.4 ಲಕ್ಷ.

ಇದನ್ನು ನೀವು 2.25 ಲಕ್ಷಕ್ಕೆ ಕೊಂಡರೆ ನಡುವಿನ 1.15 ಲಕ್ಷವೇ 'ಮಾರ್ಜಿನ್ ಆಫ್ ಸೇಫ್ಟಿ'. ಇದು ಲಾಭದ ಗ್ಯಾರಂಟಿ ಅಲ್ಲ, ನಮ್ಮ ಅಂದಾಜು ತಪ್ಪಿದರೆ ತಡೆದುಕೊಳ್ಳಲು ಇಟ್ಟ ಜಾಗ. ಸ್ಟಾಕಿನಲ್ಲಿ ಇನ್ನೂ 1 ಲಕ್ಷ ಕಮ್ಮಿ ಬಂದರೂ ನಿಮ್ಮ ಅಸಲು ಉಳಿಯುತ್ತದೆ.

ಹಾಗಾದರೆ ಅಗ್ಗದ ಶೇರು ಕೊಂಡರೆ ಸಾಕೇ? ಸಾಲದು. ಗ್ರಹಾಂ ಅವರ ಶಿಷ್ಯ ವಾರೆನ್ ಬಫೆಟ್ 1962ರಲ್ಲಿ ಬರ್ಕ್‌ಶೈರ್ ಹ್ಯಾಥವೇ ಎಂಬ ಬಟ್ಟೆ ಮಿಲ್ಲಿನ ಶೇರನ್ನು 7.50 ಡಾಲರಿಗೆ ಕೊಳ್ಳಲು ಶುರು ಮಾಡಿದರು. ಆಗ ಅದರ ದುಡಿಯುವ ಬಂಡವಾಳವೇ ಶೇರೊಂದಕ್ಕೆ 10.25 ಡಾಲರ್ ಇತ್ತು. ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಮಿಲ್ಲಿನ ವ್ಯಾಪಾರ ಚೇತರಿಸಿಕೊಳ್ಳಲಿಲ್ಲ. ಕೊನೆಗೆ 1985ರಲ್ಲಿ ಮಿಲ್ಲು ಮುಚ್ಚಿತು. ಅದನ್ನು ಕೊಂಡದ್ದೇ ತಪ್ಪು ಎಂದು ಅವರೇ ಹೇಳಿದ್ದಾರೆ. ಇಂದು ಅದೇ ಹೆಸರಿನ ಕಂಪೆನಿ ದೊಡ್ಡದಾಗಿರುವುದು ಇನ್ಶೂರೆನ್ಸ್ ಮುಂತಾದ ಬೇರೆ ವ್ಯವಹಾರಗಳಿಂದ. ನಷ್ಟದ ವ್ಯಾಪಾರದಲ್ಲಿ ಆ ಮಾರ್ಜಿನ್ ವರ್ಷವರ್ಷವೂ ಕರಗುತ್ತದೆ.

ನಮ್ಮಂಥವರಿಗೆ ಇನ್ನೊಂದು ತೊಂದರೆ ಇದೆ. ಅಂಗಡಿಯಾದರೆ ಗೋಡೌನ್ ಬಾಗಿಲು ತೆಗೆಸಿ ನೋಡಬಹುದು, ಕಂಪೆನಿಯದ್ದು ಆಗುವುದಿಲ್ಲ. ಬಫೆಟ್ ಹಾಗೆ ಮಿಲ್ಲನ್ನೇ ಕೈಗೆ ತೆಗೆದುಕೊಂಡು ಹಣವನ್ನು ಬೇರೆ ಕಡೆ ಹಾಕುವ ಅಧಿಕಾರವೂ ನಮಗಿಲ್ಲ.

ಆದರೂ ವಾರ್ಷಿಕ ವರದಿಯಲ್ಲಿ ಎರಡು ವಿಷಯ ನೋಡಲು ಸಾಧ್ಯ. ಮಾರಾಟಕ್ಕಿಂತ ವೇಗವಾಗಿ ಉದ್ರಿ, ಸ್ಟಾಕ್ ಏರುತ್ತಿದೆಯಾ? ಮೂರು-ನಾಲ್ಕು ವರ್ಷ ಲಾಭ ತೋರಿಸಿಯೂ ವ್ಯಾಪಾರದಿಂದ ನಗದು ಕೈಗೆ ಬಂದಿಲ್ಲವಾ? ಹಾಗಿದ್ದರೆ ಬೆಲೆ ಎಷ್ಟೇ ಇಳಿದಿರಲಿ, ದೂರ ಇರುವುದೇ ವಾಸಿ.

ಗ್ರಹಾಂ ಕೂಡ ಇಂಥ ಶೇರನ್ನು ಒಂದೇ ಕೊಂಡು ಕೂರಿ ಅನ್ನಲಿಲ್ಲ, ಹಲವು ಕಂಪೆನಿಗಳಲ್ಲಿ ಹಂಚಿ ಅಂದರು. ಅಷ್ಟು ಕಂಪೆನಿಗಳ ಲೆಕ್ಕ ಓದಲು ಪುರುಸೊತ್ತು ಇಲ್ಲದಿದ್ದರೆ ಒಂದೇ ಅಗ್ಗದ ಶೇರಿಗೆ ಅಂಗಡಿಯ ಬಂಡವಾಳ ಸುರಿಯಬೇಡಿ.