ಇನ್ನೂರು ಅಕ್ಷರದ ಪರಿಚಯಪತ್ರ

ನ್ಯೂಜರ್ಸಿಯ ವುಡ್‌ಬ್ರಿಡ್ಜ್ ಟೌನ್‌ಶಿಪ್ ಅಂದರೆ ಒಂದೇ ಊರಲ್ಲ. ಐಸೆಲಿನ್, ಕೊಲೋನಿಯಾ, ಏವನೆಲ್, ಫೋರ್ಡ್ಸ್, ಕೀಸ್‌ಬಿ ಇವೆಲ್ಲ ಅದರೊಳಗಿನ ಊರುಗಳು. ಭಾರತದ ಅಂಗಡಿಗಳು ಸಾಲುಗಟ್ಟಿರುವ ಓಕ್ ಟ್ರೀ ರಸ್ತೆಯ ಒಂದು ಭಾಗವೂ, ನ್ಯೂಯಾರ್ಕಿಗೆ ಹೋಗುವವರು ಬೆಳಿಗ್ಗೆ ರೈಲು ಹಿಡಿಯುವ ಮೆಟ್ರೋಪಾರ್ಕ್ ನಿಲ್ದಾಣವೂ ಐಸೆಲಿನ್‌ನಲ್ಲಿವೆ. ಎಂಎಸ್ ಮುಗಿಸಿ ಕೆಲಸ ಹುಡುಕುವ ಕನ್ನಡದ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿ ಬಾಡಿಗೆ ಹಂಚಿಕೊಂಡು ಇಲ್ಲೇ ಸುತ್ತಮುತ್ತ ಇರುತ್ತಾರೆ. ಅವರ ತಲೆಯ ಮೇಲೆ ಒಂದು ಲೆಕ್ಕ ತೂಗುತ್ತಿರುತ್ತದೆ. ಓದಿನ ನಂತರದ ಒಪಿಟಿ ಅವಧಿಯಲ್ಲಿ ಕೆಲಸವಿಲ್ಲದ ದಿನಗಳು ಒಟ್ಟು 90 ದಾಟುವಂತಿಲ್ಲ. ದಿನಗಳು ಕರಗುತ್ತ ಬಂದಹಾಗೆ ಲಿಂಕ್ಡ್‌ಇನ್‌ನಲ್ಲಿ ಕಂಡಕಂಡವರಿಗೆಲ್ಲ ಕನೆಕ್ಟ್ ಒತ್ತುವ ಚಪಲ ಹತ್ತುತ್ತದೆ. ಹಾಗೆ ಒತ್ತಿದ್ದರಲ್ಲಿ ಹೆಚ್ಚಿನವು ಉತ್ತರವಿಲ್ಲದೆ ಬಿದ್ದಿರುತ್ತವೆ.

ಕೋರಿಕೆಯ ಜೊತೆಗೆ ಒಂದು ಚಿಕ್ಕ ಟಿಪ್ಪಣಿ ಬರೆಯಲು ಅವಕಾಶವಿದೆ. ಹಣ ಕೊಡದ ಖಾತೆಯಾದರೆ 200 ಅಕ್ಷರ, ಖಾಲಿ ಜಾಗವೂ ಲೆಕ್ಕಕ್ಕೆ ಸೇರುತ್ತದೆ. ಹಣ ಕೊಟ್ಟವರಿಗೆ 300. ಉಚಿತ ಖಾತೆಯಲ್ಲಿ ತಿಂಗಳಿಗೆ ಕೆಲವೇ ಟಿಪ್ಪಣಿಗಳನ್ನು ಕಳಿಸಬಹುದು, ಹಾಗಾಗಿ ಯಾರಿಗೆ ಬರೆಯಬೇಕು ಎನ್ನುವುದು ಏನು ಬರೆಯಬೇಕು ಎನ್ನುವಷ್ಟೇ ಮುಖ್ಯ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಒಬ್ಬ ಹುಡುಗಿ 2019ರಲ್ಲಿ ಮೈಸೂರಿನ ಎನ್‌ಐಇಯಿಂದ ಮೆಕ್ಯಾನಿಕಲ್ ಬಿಇ ಮುಗಿಸಿದ್ದಾಳೆ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ವಾಹನ ಬಿಡಿಭಾಗದ ಕಾರ್ಖಾನೆಯಲ್ಲಿ ಮೂರು ವರ್ಷ ದುಡಿದು, ಡೀಲರುಗಳಿಗೆ ಯಾವ ಭಾಗ ಎಷ್ಟು ಕಳಿಸಬೇಕೆಂಬ ಲೆಕ್ಕ ನೋಡಿಕೊಂಡಿದ್ದಾಳೆ. ಆಮೇಲೆ ನ್ಯೂಆರ್ಕ್‌ನ ಎನ್‌ಜೆಐಟಿಯಲ್ಲಿ ಎಂಎಸ್. ಈಗ ಐಸೆಲಿನ್‌ನಲ್ಲಿ ವಾಸ. ಅವಳ ಕಣ್ಣು ಕೀಸ್‌ಬಿಯ ವೇಕ್‌ಫರ್ನ್ ಮೇಲಿದೆ ಅಂದುಕೊಳ್ಳಿ. ಶಾಪ್‌ರೈಟ್ ಮಳಿಗೆಗಳಿಗೆ ದಿನಸಿ ಪೂರೈಸುವ, ಅಂಗಡಿ ಮಾಲೀಕರೇ ಸದಸ್ಯರಾಗಿರುವ ಸಹಕಾರಿ ಸಂಸ್ಥೆ ಅದು. ವುಡ್‌ಬ್ರಿಡ್ಜ್ ಟೌನ್‌ಶಿಪ್ಪಿನೊಳಗೇ ಇದೆ. ಸರಬರಾಜು ಲೆಕ್ಕ ಬಲ್ಲವರಿಗೆ ಅಂಥಲ್ಲಿ ಕೆಲಸ ಹುಡುಕುವುದು ಸಹಜ.

ಮೊದಲು ಹಳೆಯ ವಿದ್ಯಾರ್ಥಿಯೊಬ್ಬರನ್ನು ಹುಡುಕಬೇಕು. ಕಾಲೇಜಿನ ಪುಟದಲ್ಲಿ Alumni ಎಂಬ ಭಾಗವಿದೆ. ಅಲ್ಲಿ ಎಲ್ಲಿ ವಾಸ, ಎಲ್ಲಿ ಕೆಲಸ ಎಂದು ಸೋಸಬಹುದು. ಆದರೆ ನಮ್ಮ ಕರ್ನಾಟಕದವರಿಗೆ ಇಲ್ಲೊಂದು ತೊಡಕಿದೆ. ವಿಟಿಯು ಹುಟ್ಟಿದ್ದು 1998ರಲ್ಲಿ. ಅದಕ್ಕೂ ಮುಂಚೆ ಎನ್‌ಐಇಯಲ್ಲಿ ಓದಿದವರ ಪದವಿ ಮೈಸೂರು ವಿಶ್ವವಿದ್ಯಾಲಯದ್ದು. ಆಮೇಲಿನವರಲ್ಲಿ ಎಷ್ಟೋ ಜನ ಪ್ರೊಫೈಲಿನಲ್ಲಿ ಕಾಲೇಜಿನ ಹೆಸರೇ ಹಾಕದೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಎಂದಷ್ಟೇ ಹಾಕಿರುತ್ತಾರೆ. ಹುಬ್ಬಳ್ಳಿಯ ಬಿವಿಬಿ ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ, ಮೈಸೂರಿನ ಎಸ್‌ಜೆಸಿಇ ಜೆಎಸ್‌ಎಸ್ ವಿಜ್ಞಾನ ಮತ್ತು ತಾಂತ್ರಿಕ ವಿಶ್ವವಿದ್ಯಾಲಯದೊಳಗೆ ಸೇರಿದೆ. ಕೆಲಸ ಕೊಡುವ ಮಟ್ಟಕ್ಕೆ ಏರಿದವರು ಸಾಮಾನ್ಯವಾಗಿ ಹಿರಿಯರು, ಅವರೇ ಈ ಹಳೆಯ ಹೆಸರುಗಳಡಿ ಅಡಗಿರುವುದು. ಆದ್ದರಿಂದ ಕಾಲೇಜು, ವಿಟಿಯು, ಹಳೆಯ ವಿಶ್ವವಿದ್ಯಾಲಯ ಮೂರೂ ಪುಟಗಳಲ್ಲಿ ಹುಡುಕಬೇಕು. ಊರಿನದೂ ಇದೇ ಕಥೆ. ವುಡ್‌ಬ್ರಿಡ್ಜ್ ಎಂದು ಹಾಕಿಕೊಂಡವರು ಕಡಿಮೆ. ಕೆಲವರು ಐಸೆಲಿನ್ ಅನ್ನುತ್ತಾರೆ, ಕೆಲವರು ಪಕ್ಕದ ಎಡಿಸನ್ ಅನ್ನುತ್ತಾರೆ, ಮಿಕ್ಕವರು ನ್ಯೂಯಾರ್ಕ್ ಮಹಾನಗರ ಪ್ರದೇಶ ಎಂದು ಬಿಟ್ಟಿರುತ್ತಾರೆ. ಸೋಸುವಾಗ ಊರನ್ನು ಬಿಟ್ಟು ಕಂಪನಿಯನ್ನು ಹಿಡಿಯುವುದು ಲೇಸು.

ಹೀಗೆ ಹುಡುಕಿದಾಗ ಅವಳಿಗೆ ಒಬ್ಬರು ಸಿಕ್ಕರು ಅನ್ನೋಣ. ಅವರೂ ಎನ್‌ಐಇ ಮೆಕ್ಯಾನಿಕಲ್, ಹದಿನೈದು ವರ್ಷ ಹಿರಿಯರು, ಮೊದಲು ವಾಹನ ಬಿಡಿಭಾಗದ ಕಂಪನಿಯಲ್ಲಿದ್ದು ಈಗ ದಿನಸಿ ಸರಬರಾಜಿಗೆ ಬಂದವರು. ಅವಳ ಮೊದಲ ಕರಡು ಹೆಚ್ಚುಕಮ್ಮಿ ಹೀಗಿರುತ್ತದೆ: ಮಾನ್ಯರೇ, ನಾನು ಇತ್ತೀಚೆಗೆ ಪದವಿ ಮುಗಿಸಿದ್ದು ಸಪ್ಲೈ ಚೈನ್ ಕ್ಷೇತ್ರದಲ್ಲಿ ಅವಕಾಶ ಹುಡುಕುತ್ತಿದ್ದೇನೆ, ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಸೂಕ್ತ ಹುದ್ದೆಗೆ ದಯವಿಟ್ಟು ರೆಫರ್ ಮಾಡಿ, ತಮ್ಮ ಮಾರ್ಗದರ್ಶನಕ್ಕೆ ಚಿರಋಣಿ.

ಇದರಲ್ಲಿ ತಪ್ಪು ವ್ಯಾಕರಣದ್ದಲ್ಲ. ಹೆಸರು ಅಳಿಸಿ ಇದನ್ನು ಯಾವ ಕಂಪನಿಯ ಯಾರಿಗೆ ಕಳಿಸಿದರೂ ನಡೆಯುತ್ತದೆ, ಮತ್ತು ಓದುವವರಿಗೆ ಅದು ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಕೊನೆಯ ಬೇಡಿಕೆ. ರೆಫರ್ ಮಾಡುವುದು ಎಂದರೆ ಆ ವ್ಯಕ್ತಿ ತನ್ನ ಕಂಪನಿಯ ಒಳಜಾಲದಲ್ಲಿ ಅವಳ ಹೆಸರು ಹಾಕಿ, ಎಷ್ಟೋ ಕಡೆ ಇವರನ್ನು ಹೇಗೆ ಬಲ್ಲಿರಿ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕು. ಬಲ್ಲೆ ಎನ್ನಲು ಅವರ ಬಳಿ ಏನೂ ಇಲ್ಲ. ಒಪ್ಪಿದರೆ ಈ ಕೆಲಸ ಹೆಗಲೇರುತ್ತದೆ ಎಂದು ಗೊತ್ತಾದವರು ಒಪ್ಪುವುದೂ ಇಲ್ಲ, ತಿರಸ್ಕರಿಸುವುದೂ ಇಲ್ಲ, ಹಾಗೇ ಬಿಡುತ್ತಾರೆ.

ಅವಳು ಎರಡನೆಯ ಸಲ ಬರೆದದ್ದರ ಕನ್ನಡ ರೂಪ ಇದು. ಇಂಗ್ಲಿಷಿನಲ್ಲಿ ಇದು 200 ಅಕ್ಷರದೊಳಗೆ ಕೂರುತ್ತದೆ:

“ನಮಸ್ಕಾರ. ನಾನು ಎನ್‌ಐಇ ಮೆಕ್ಯಾನಿಕಲ್, 2019. ಈಗ ವುಡ್‌ಬ್ರಿಡ್ಜ್‌ನಲ್ಲಿದ್ದೇನೆ. ನೀವು ವಾಹನ ಬಿಡಿಭಾಗದಿಂದ ದಿನಸಿ ಸರಬರಾಜಿಗೆ ಬಂದ ದಾರಿಯಲ್ಲೇ ನಾನೂ ಹೊರಟಿದ್ದೇನೆ. ಸಂಪರ್ಕದಲ್ಲಿರಲು ಇಷ್ಟ.”

ಬೇಡಿಕೆ ಇಲ್ಲ. ಮೊದಲ ಐದಾರು ಪದಗಳಲ್ಲೇ ಇವಳು ಯಾರು ಎನ್ನುವುದು ಬಂತು. ಫೋನಿನಲ್ಲಿ ಪಟ್ಟಿ ಜಾರಿಸುವವರ ಕಣ್ಣಿಗೆ ಮೊದಲು ಬೀಳುವುದು ಆ ಆರಂಭವೇ. ‘ನೀವು’ ಎಂದು ಶುರುವಾಗುವ ವಾಕ್ಯ ಆ ಒಬ್ಬ ವ್ಯಕ್ತಿಗೆ ಬಿಟ್ಟು ಇನ್ನಾರಿಗೂ ಹೊಂದುವುದಿಲ್ಲ. ಅದನ್ನು ಬರೆಯಬೇಕಾದರೆ ಅವರ ಪ್ರೊಫೈಲನ್ನು ಕೆಳಗಿನವರೆಗೆ ಓದಿರಲೇಬೇಕು, ಅವರಿಗೂ ಅದು ತಿಳಿಯುತ್ತದೆ. ಹೊಗಳಿಕೆ ಹಾಕಲಿಲ್ಲವೇ ಎಂದರೆ, ನನ್ನ ಮಟ್ಟಿಗೆ ಹೊಗಳಿಕೆ ಅಕ್ಷರದ ದಂಡ.

ಸಂಬೋಧನೆಯ ಬಗ್ಗೆ ಹಲವರು ತಿಣುಕಾಡುತ್ತಾರೆ. ಹದಿನೈದು ವರ್ಷ ಹಿರಿಯರನ್ನು ಹೆಸರು ಹಿಡಿದು ಕರೆಯಲು ನಾಲಿಗೆ ಏಳುವುದಿಲ್ಲ. ಆದರೆ ಅಮೆರಿಕದ ಕಚೇರಿಯಲ್ಲಿ ಅವರ ಕೈಕೆಳಗಿನವರೆಲ್ಲ ಅವರನ್ನು ಹೆಸರು ಹಿಡಿದೇ ಕರೆಯುವುದು. ಇಂಗ್ಲಿಷ್ ಟಿಪ್ಪಣಿಯಲ್ಲಿ ಹೆಸರು ಸಾಕು. ಕನ್ನಡಿಗರೆಂದು ಖಚಿತವಿದ್ದರೆ ‘ನಮಸ್ಕಾರ’ ಎಂದು ಶುರುಮಾಡಬಹುದು, ಸರ್ ಎಂದರೂ ಆಕಾಶ ಬೀಳುವುದಿಲ್ಲ. ಹೆಸರು ನೋಡಿ ಕನ್ನಡಿಗರೇ ಇರಬೇಕು ಎಂದು ಊಹಿಸಿ ಬರೆಯುವುದು ಮಾತ್ರ ಬೇಡ. ಇನ್ನು ನ್ಯೂಜರ್ಸಿಯ ‘ಬೃಂದಾವನ’ ಕನ್ನಡ ಸಂಘದ ರಾಜ್ಯೋತ್ಸವದಲ್ಲೋ ಯುಗಾದಿಯಲ್ಲೋ ಊಟದ ಸಾಲಿನಲ್ಲಿ ನಿಜವಾಗಿ ಮಾತಾಡಿದ್ದರೆ, ಟಿಪ್ಪಣಿಗೆ ಅದಕ್ಕಿಂತ ಒಳ್ಳೆಯ ಮೊದಲ ಸಾಲು ಬೇರೆ ಇಲ್ಲ.

ಅದೇ ಸಂಸ್ಥೆಯಲ್ಲಿ ಕೆಲಸ ಕೊಡುವ ಮ್ಯಾನೇಜರಿಗೆ ಬರೆಯುವಾಗ ಲೆಕ್ಕ ತಿರುಗುಮುರುಗಾಗುತ್ತದೆ. ಹಳೆಯ ವಿದ್ಯಾರ್ಥಿಗೆ ಅರ್ಜಿ ಹಾಕುವ ಮುಂಚೆ ಬರೆಯಬೇಕು, ಯಾಕೆಂದರೆ ಹಲವು ಕಂಪನಿಗಳಲ್ಲಿ ಅರ್ಜಿ ಒಮ್ಮೆ ಒಳಗೆ ಹೋದ ಮೇಲೆ ರೆಫರಲ್ ಅಂಟುವುದಿಲ್ಲ. ಮ್ಯಾನೇಜರಿಗೆ ಅರ್ಜಿ ಹಾಕಿದ ಮೇಲೆ ಬರೆಯಬೇಕು, ಯಾಕೆಂದರೆ ಇಲ್ಲದ ಅರ್ಜಿಯನ್ನು ಅವರು ನೋಡುವುದಾದರೂ ಎಲ್ಲಿ? ಇಲ್ಲಿ ಇನ್ನೊಂದು ಎಡವಟ್ಟಿದೆ. ಉದ್ಯೋಗದ ಜಾಹೀರಾತಿನ ಕೆಳಗೆ Meet the hiring team ಎಂದು ಬರುವ ಮುಖ ಬಹಳ ಸಲ ಮ್ಯಾನೇಜರದ್ದಲ್ಲ, ಅಭ್ಯರ್ಥಿಗಳನ್ನು ಹುಡುಕಿ ಕೊಡುವ ರಿಕ್ರೂಟರದ್ದು. ಮ್ಯಾನೇಜರು ಯಾರೆಂದು ತಿಳಿಯಲು ಜಾಹೀರಾತಿನಲ್ಲಿ ಈ ಹುದ್ದೆ ಯಾರಿಗೆ ವರದಿ ಮಾಡುತ್ತದೆ ಎಂಬ ಸಾಲು ಹುಡುಕಿ, ಆ ಪದನಾಮವನ್ನು ಕಂಪನಿಯ ಜನರ ಪಟ್ಟಿಯಲ್ಲಿ ಹುಡುಕಬೇಕು. ಹುದ್ದೆಗೂ ಊರಿಗೂ ಹೊಂದುವವರು ಒಬ್ಬರೇ ಸಿಕ್ಕರೆ ಸರಿ. ಮೂವರು ಸಿಕ್ಕರೆ ನಿಮ್ಮ ಊಹೆ ಊಹೆಯೇ, ಆಗ “ನಿಮ್ಮ ತಂಡದ ಹುದ್ದೆ” ಎಂದು ಬರೆಯಬೇಡಿ.

ಬೇಗ ಕೆಡುವ ಮಾಲಿನ ಸರಬರಾಜು ನೋಡಿಕೊಳ್ಳುವ ಅನಲಿಸ್ಟ್ ಹುದ್ದೆಗೆ ಅವಳು ಬರೆದದ್ದು ಹೀಗೆ ಅಂದುಕೊಳ್ಳಿ: “ನಿಮ್ಮ ತಂಡದ ಅನಲಿಸ್ಟ್ ಹುದ್ದೆಗೆ ನಿನ್ನೆ ಅರ್ಜಿ ಹಾಕಿದೆ. ಮೈಸೂರಿನ ಕಾರ್ಖಾನೆಯಲ್ಲಿ ಮೂರು ವರ್ಷ ಡೀಲರುಗಳಿಗೆ ಬಿಡಿಭಾಗದ ಲೆಕ್ಕ ನೋಡಿದವಳು. ಬೇಗ ಕೆಡುವ ಮಾಲು ನನಗೆ ಹೊಸದು, ಸ್ಟಾಕ್ ತೀರಿಹೋಗುವ ತಲೆನೋವು ಹೊಸದಲ್ಲ.” ಕೊನೆಯ ಸಾಲಿಗಾಗಿಯೇ ನಾನು ಇದನ್ನು ಮೆಚ್ಚುತ್ತೇನೆ. ತನಗೆ ಬಾರದ್ದನ್ನು ಮುಚ್ಚಿಡದೆ, ಬರುವುದನ್ನು ಆ ಮ್ಯಾನೇಜರಿನ ದಿನನಿತ್ಯದ ಕಷ್ಟಕ್ಕೆ ತಂದು ನಿಲ್ಲಿಸಿದ್ದಾಳೆ.

ವೀಸಾದ ಮಾತು ಈ ಎರಡರಲ್ಲೂ ಇಲ್ಲ. ಅದು ಮುಚ್ಚಿಡುವ ವಿಷಯವೆಂದಲ್ಲ. ಅರ್ಜಿಯ ನಮೂನೆಯಲ್ಲಿ ಸಾಮಾನ್ಯವಾಗಿ ಆ ಪ್ರಶ್ನೆ ಇದ್ದೇ ಇರುತ್ತದೆ, ಅಲ್ಲಿ ನಿಜವನ್ನೇ ಹೇಳಬೇಕು. ಆದರೆ ಪರಿಚಯ ಮಾಡಿಕೊಳ್ಳುವ ಸಾಲಿನಲ್ಲಿ 90 ದಿನದ ಗಡುವು ಹೇಳಿದರೆ, ಅಪರಿಚಿತರ ಮೇಲೆ ನಮ್ಮ ಅವಸರ ಹೇರಿದಂತೆ.

ಟಿಪ್ಪಣಿ ಚೆನ್ನಾಗಿದ್ದರೂ ಕೆಟ್ಟುಹೋಗುವ ಎರಡು ಜಾಗಗಳಿವೆ. ಒಂದು, ಒಪ್ಪುವ ಮುಂಚೆ ಬಹುತೇಕರು ಕಳಿಸಿದವರ ಪ್ರೊಫೈಲ್ ತೆರೆದು ನೋಡುತ್ತಾರೆ. ಟಿಪ್ಪಣಿಯಲ್ಲಿ ಎನ್‌ಐಇ ಎಂದು ಬರೆದು, ಪ್ರೊಫೈಲಿನಲ್ಲಿ ವಿಟಿಯು ಎಂದಷ್ಟೇ ಇದ್ದರೆ ಅನುಮಾನ ಬರುತ್ತದೆ. ಹೆಸರಿನ ಕೆಳಗಿನ ಸಾಲಿನಲ್ಲಿ ಕೆಲಸ ಹುಡುಕುತ್ತಿದ್ದೇನೆ ಎಂದಷ್ಟೇ ಇದ್ದರೆ ಯಾವ ಕೆಲಸ ಬಲ್ಲವಳು ಎಂಬುದೇ ತಿಳಿಯುವುದಿಲ್ಲ. ಇವೆರಡನ್ನೂ ಮೊದಲೇ ಸರಿಮಾಡಿಕೊಳ್ಳಬೇಕು. ಎರಡನೆಯದು ಯಂತ್ರದ ತಂಟೆ. ಹುಡುಕಾಟದ ಪಟ್ಟಿಯಲ್ಲೋ ಸಲಹೆಗಳ ಸಾಲಿನಲ್ಲೋ Connect ಒತ್ತಿದರೆ ಕೋರಿಕೆ ಎಷ್ಟೋ ಸಲ ಟಿಪ್ಪಣಿಯನ್ನು ಕೇಳದೆ ಖಾಲಿಯೇ ಹೊರಟುಬಿಡುತ್ತದೆ. ವ್ಯಕ್ತಿಯ ಪುಟಕ್ಕೆ ಹೋಗಿ, ಟಿಪ್ಪಣಿ ಸೇರಿಸುವ ಆಯ್ಕೆ ಹುಡುಕಿ ಕಳಿಸಬೇಕು. ಖಾಲಿ ಹೋದದ್ದನ್ನು ಹಿಂತೆಗೆದರೆ ಅದೇ ವ್ಯಕ್ತಿಗೆ ಮತ್ತೆ ಕಳಿಸಲು ಮೂರು ವಾರದವರೆಗೂ ಕಾಯಬೇಕಾಗುತ್ತದೆ, ಅಷ್ಟರಲ್ಲಿ ಹುದ್ದೆಯೇ ತುಂಬಿರಬಹುದು.

ಕಳಿಸಿದ ಮೇಲೆ ತಿರಸ್ಕಾರದ ಸುದ್ದಿ ಬರುವುದಿಲ್ಲ. ಬಾಕಿ ಎಂದು ತೋರಿಸುತ್ತಿದ್ದರೆ ಅವರು ನೋಡಿಲ್ಲವೋ, ನೋಡಿ ಬಿಟ್ಟರೋ ತಿಳಿಯದು. ಎರಡು ಮೂರು ವಾರ ಕಳೆದರೆ ಇನ್ನೊಬ್ಬರನ್ನು ಹುಡುಕುವುದು ಮೇಲು. ಒಪ್ಪಿಗೆ ಬಂದರೆ ಅದೇ ನಿಮಿಷ ರೆಸ್ಯೂಮೆ ಎಸೆಯಬಾರದು. ಒಂದೆರಡು ದಿನ ಬಿಟ್ಟು, ಉತ್ತರಿಸಲು ಎರಡು ನಿಮಿಷ ಸಾಕಾಗುವ ಒಂದೇ ಪ್ರಶ್ನೆ ಕೇಳಿ. ದಿನಸಿಯ ಕಡೆಗೆ ಬಂದಾಗ ಮೊದಲು ಏನು ಕಲಿಯಬೇಕಾಯಿತು, ಅಂಥದ್ದು. ಉತ್ತರ ಬಂದ ಮೇಲೆ ಹುದ್ದೆಯ ಸಂಖ್ಯೆ ಕೊಟ್ಟು ರೆಫರಲ್ ಕೇಳಿದರೆ, ಇವಳನ್ನು ಹೇಗೆ ಬಲ್ಲಿರಿ ಎಂಬ ಪ್ರಶ್ನೆಗೆ ಬರೆಯಲು ಅವರ ಬಳಿ ಈಗ ಏನಾದರೂ ಇರುತ್ತದೆ. ಬಹಳ ಕಂಪನಿಗಳು ರೆಫರ್ ಮಾಡಿದವರಿಗೆ, ನೇಮಕವಾದರೆ, ಹಣವನ್ನೂ ಕೊಡುತ್ತವೆ. ಹಾಗಾಗಿ ಸಂಕೋಚಪಡಬೇಕಿಲ್ಲ.

ನೀವು ಬರೆದ ಆ 200 ಅಕ್ಷರ ಒಪ್ಪಿಗೆಯಾದ ಮೇಲೆ ಅಳಿದುಹೋಗುವುದಿಲ್ಲ. ಅವರ ಸಂದೇಶಪೆಟ್ಟಿಗೆಯಲ್ಲಿ ನಿಮ್ಮಿಬ್ಬರ ಮಾತುಕತೆಯ ಮೊದಲ ಸಾಲಾಗಿ ಕೂರುತ್ತದೆ, ಆರು ತಿಂಗಳ ನಂತರ ನೀವು ಮತ್ತೆ ಬರೆದಾಗಲೂ ಅದು ಅಲ್ಲೇ ಮೇಲೆ ಇರುತ್ತದೆ.