ತೂಗುವ ಸರಪಳಿಯಲ್ಲಿ y ಏಕೆ ಕಾಣುವುದಿಲ್ಲ?

ಪ್ರಶ್ನೆ: ಎರಡನೇ ದರ್ಜೆಯ ಅವಕಲ ಸಮೀಕರಣದಲ್ಲಿ y ಇಲ್ಲದಿದ್ದರೆ y' = p ಎಂದು ಇಟ್ಟುಕೊಳ್ಳಿ ಎನ್ನುತ್ತಾರೆ. ಅದರಿಂದ ಏನು ಲಾಭ?

ಉತ್ತರ: y' ಅನ್ನು p ಎಂದರೆ y'' ತಾನಾಗಿಯೇ p' ಆಗುತ್ತದೆ. ಸಮೀಕರಣದಲ್ಲಿ y ಇಲ್ಲದ್ದರಿಂದ ಉಳಿಯುವುದು x ಮತ್ತು p ಮಾತ್ರ, ಅಂದರೆ ಮೊದಲ ದರ್ಜೆಯ ಸಮೀಕರಣ.

ಎರಡು ಕಂಬಗಳ ನಡುವೆ ತೂಗುವ ಸರಪಳಿಯನ್ನೇ ನೋಡಿ. ಅದರ ಪ್ರತಿ ತುಂಡಿನ ಮೇಲಿನ ಬಲಗಳನ್ನು ಲೆಕ್ಕ ಹಾಕಿದರೆ ಹೀಗೆ ಬರುತ್ತದೆ:

a y'' = √(1 + y'²)

ಇಲ್ಲಿ a ಎಂದರೆ ಅಡ್ಡ ದಿಕ್ಕಿನ ಎಳೆತವನ್ನು ಒಂದು ಮೀಟರ್ ಸರಪಳಿಯ ತೂಕದಿಂದ ಭಾಗಿಸಿದ್ದು. ಸರಪಳಿ ನೆಲದಿಂದ ಎಷ್ಟು ಎತ್ತರದಲ್ಲಿದ್ದರೂ ಬಾಗುವ ರೀತಿ ಒಂದೇ. y ಕಾಣಿಸದಿರುವುದು ಅದಕ್ಕೇ. p ಹಾಕಿ ಚರಗಳನ್ನು ಬೇರ್ಪಡಿಸೋಣ:

dp/√(1 + p²) = dx/a

ಅತ್ಯಂತ ಕೆಳಗಿನ ಬಿಂದುವಿನಲ್ಲಿ x = 0 ಎಂದಿಟ್ಟರೆ ಅಲ್ಲಿ ಇಳಿಜಾರು ಸೊನ್ನೆ. ಆದ್ದರಿಂದ p = sinh(x/a). ಇಲ್ಲಿಗೇ ನಿಲ್ಲಿಸುವವರು ಬಹಳ ಮಂದಿ. ಆದರೆ ಸಿಕ್ಕಿರುವುದು ಇಳಿಜಾರು, ವಕ್ರರೇಖೆಯಲ್ಲ. ಇನ್ನೊಮ್ಮೆ ಅನುಕಲಿಸಿದಾಗಲೇ y = a cosh(x/a) + C. ಉತ್ತರದಲ್ಲಿ ಎರಡನೇ ಸ್ಥಿರಾಂಕ ಇಲ್ಲದಿದ್ದರೆ ಈ ಹೆಜ್ಜೆ ತಪ್ಪಿಹೋಗಿದೆ ಎಂದೇ ತಿಳಿಯಿರಿ. a 10 ಮೀಟರ್, ಕಂಬಗಳ ಅಂತರ 20 ಮೀಟರ್ ಆದರೆ ನಡುವಿನ ಜೋಲು ಸುಮಾರು 5.43 ಮೀಟರ್.

ಹೈಗೆನ್ಸ್, ಲೈಬ್ನಿಟ್ಸ್ ಮತ್ತು ಯೋಹಾನ್ ಬರ್ನೂಲಿ 1691ರಲ್ಲಿ ಈ ರೇಖೆಯ ಸಮಸ್ಯೆಯನ್ನು ಬಿಡಿಸಿದರು.

ಆದರೆ y ಇರುವ y'' + y = 0 ತರಹದ್ದರಲ್ಲಿ y' = p ಎಂಬ ಇದೇ ಆದೇಶ ಹಾಕಿದರೆ p' + y = 0 ಆಗಿ, y ಹಾಗೇ ಉಳಿದುಬಿಡುತ್ತದೆ. ಅಲ್ಲಿ p' ಬದಲು p dp/dy ಬರೆದು y ಅನ್ನೇ ಸ್ವತಂತ್ರ ಚರವಾಗಿ ಹಿಡಿಯಬೇಕು.